ಬಚ್ಚಲ ಬಾಗಿಲಿನ ಸಣ್ಣ ಸೀಳು

ಆ ಭಾನುವಾರ ಬೆಳಗ್ಗೆ ಎದುರುಮನೆಯ ಅಜ್ಜಿ ನಮ್ಮ ಬಾಗಿಲು ಬಡಿದ ರಭಸಕ್ಕೇ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ದೋಸೆ ಮಗುಚುವ ಸಟ್ಟುಗ ಅವರ ಕೈಯಲ್ಲೇ ಇತ್ತು. "ಪಾಪು ಬಾತ್‌ರೂಮೊಳಗೆ ಸೇರ್ಕೊಂಡು ಲಾಕ್ ಮಾಡ್ಕೊಂಡುಬಿಟ್ಟಿದ್ದಾನೆ. ಸ್ವಲ್ಪ ಬನ್ನಿ ಸಾರ್" ಎಂದರು. ಪಾಪುವಿಗೆ ಎರಡೂವರೆ ವರ್ಷ.

ನಾನು ಹೋಗುವಷ್ಟರಲ್ಲಿ ಬಚ್ಚಲ ಬಾಗಿಲ ಮುಂದೆ ಮೂವರು ನಿಂತಿದ್ದರು. ಮಗುವಿನ ತಾಯಿ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದಳು. ತಂದೆ ಒಂದು ಕೈಯಲ್ಲಿ ನಾಬನ್ನು ಗಟ್ಟಿಯಾಗಿ ತಿರುಚಿ ಹಿಡಿದು, ಇನ್ನೊಂದು ಕೈಯಲ್ಲಿ ಕಾರ್ಪೆಂಟರಿಗೆ ಫೋನ್ ಮಾಡುತ್ತಿದ್ದ. ಭಾನುವಾರವಾದ್ದರಿಂದ ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ಕೆಳಗಿನಿಂದ ಬಂದ ಸೆಕ್ಯುರಿಟಿಯವರು ಸುತ್ತಿಗೆ ಹಿಡಿದು ಅಪ್ಪಣೆಗೆ ಕಾಯುತ್ತಿದ್ದರು. ಒಳಗೆ ಮಗು ಮೊದಮೊದಲು ನಗುತ್ತಿತ್ತಂತೆ. ಹೊರಗಿನವರ ದನಿ ಏರುತ್ತಿದ್ದಂತೆ ಅದಕ್ಕೂ ಗಾಬರಿಯಾಗಿ ಅಳು ಶುರುವಾಗಿತ್ತು.

ನಾನು ಬಗ್ಗಿ ನಾಬನ್ನು ನೋಡಿದೆ. ಅಪಾರ್ಟ್‌ಮೆಂಟುಗಳಲ್ಲಿ ಬಿಲ್ಡರುಗಳು ಹಾಕಿಸಿಕೊಡುವ ಮಾಮೂಲಿ ಗುಂಡನೆಯ ಸ್ಟೀಲ್ ನಾಬ್. ಅದರ ಮುಖದ ನಟ್ಟನಡುವೆ ಬಿಳಿ ಪೇಂಟಿನ ಒಂದು ಚುಕ್ಕೆ. ಉಗುರಿನಿಂದ ಕೆರೆದಾಗ ಚುಕ್ಕೆಯ ಕೆಳಗೆ ಅಕ್ಕಿಕಾಳಿನುದ್ದದ ಒಂದು ಸೀಳು ಕಂಡಿತು. ಆ ಮನೆಗೆ ಬಂದು ಆರು ವರ್ಷವಾಗಿದ್ದರೂ ಅದು ಅಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಸೀಳು ಇರುವುದೇ ಇಂಥ ಭಾನುವಾರಗಳಿಗಾಗಿ.

ಒಂದೇ ಕಡ್ಡಿಯ ಎರಡು ತುದಿ

ಬಚ್ಚಲ ಲಾಕು ಮನೆಯ ಮುಂಬಾಗಿಲಿನ ಬೀಗದ ಜಾತಿಯದಲ್ಲ. ಮುಂಬಾಗಿಲಿನದು ಕಳ್ಳನನ್ನು ತಡೆಯಬೇಕು. ಬಚ್ಚಲಿನದು "ಒಳಗೆ ಜನ ಇದ್ದಾರೆ" ಎಂದು ಹೇಳಿದರೆ ಸಾಕು. ಗೊತ್ತಿಲ್ಲದೆ ಬಂದವರನ್ನು ಅದು ತಡೆಯುತ್ತದೆ, ಬೇಕೆಂದೇ ತೆಗೆಯಲು ಬಂದವರನ್ನು ತಡೆಯುವುದಿಲ್ಲ. ಮಗು ಸಿಕ್ಕಿಹಾಕಿಕೊಳ್ಳಬಹುದು, ವಯಸ್ಸಾದವರು ಒಳಗೆ ಜಾರಿ ಬೀಳಬಹುದು ಎಂದು ಮೊದಲೇ ಎಣಿಸಿ, ಹೊರಗಿನಿಂದ ಯಾರು ಬೇಕಾದರೂ ತೆಗೆಯಬಹುದಾದ ದಾರಿಯನ್ನು ಅದರಲ್ಲೇ ಇಟ್ಟಿರುತ್ತಾರೆ.

ಹಳೆಯದೊಂದು ಲಾಕನ್ನು ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡರೆ ಇದರ ಗುಟ್ಟು ಸುಲಭವಾಗಿ ತಿಳಿಯುತ್ತದೆ. ಬಾಗಿಲಿನ ಎರಡೂ ಕಡೆ ಒಂದೊಂದು ನಾಬ್. ಎರಡರ ನಡುವೆ ಬಾಗಿಲಿನ ದಪ್ಪದಲ್ಲಿ ಅಡಗಿ ಕೂರುವ ಒಂದು ಉರುಟು ಡಬ್ಬಿ. ಆ ಡಬ್ಬಿಗೆ ಅಡ್ಡವಾಗಿ ಬಾಗಿಲಿನ ಅಂಚಿನತ್ತ ಹೋಗುವುದು ನಾಲಿಗೆ, ಅಂದರೆ ಬಾಗಿಲು ಮುಚ್ಚಿದಾಗ ಚೌಕಟ್ಟಿನ ತೂತಿಗೆ ಹೋಗಿ ಕೂರುವ ಇಳಿಜಾರು ಮೂತಿಯ ಲೋಹದ ತುಂಡು. ಯಾವ ಕಡೆಯ ನಾಬ್ ತಿರುಗಿಸಿದರೂ ನಾಲಿಗೆ ಒಳಕ್ಕೆ ಸರಿದು ಬಾಗಿಲು ತೆರೆದುಕೊಳ್ಳುತ್ತದೆ.

ಒಳಗಿನ ನಾಬಿನ ನಡುವೆ ಇರುವ ಪುಟ್ಟ ಬಟನ್ನನ್ನು ತಿರುಗಿಸಿದಾಗ ನಾಲಿಗೆಗೆ ಏನೂ ಆಗುವುದಿಲ್ಲ. ಬಟನ್ನಿನ ಹಿಂದೆ ಒಂದು ತೆಳು ಕಡ್ಡಿ ನಾಬುಗಳ ನಡುವೆ ಹಾದು ಹೊರಗಿನ ನಾಬಿನವರೆಗೂ ಹೋಗಿರುತ್ತದೆ. ಬಟನ್ ತಿರುಗಿದರೆ ಕಡ್ಡಿ ತಿರುಗುತ್ತದೆ. ಕಡ್ಡಿ ತಿರುಗಿದರೆ ಒಂದು ಸಣ್ಣ ಲೋಹದ ರೆಕ್ಕೆ ಹೊರಚಾಚಿ, ಹೊರಗಿನ ನಾಬ್ ತಿರುಗದಂತೆ ಅಡ್ಡ ನಿಲ್ಲುತ್ತದೆ. ಬೀಗ ಅಂದರೆ ಇಷ್ಟೇ, ಹೊರಗಿನ ನಾಬಿಗೆ ಹಾಕಿದ ಒಂದು ಅಡ್ಡಗಾಲು. ಹೊರಗಿನ ನಾಬಿನ ಮುಖದ ಸೀಳು ಅದೇ ಕಡ್ಡಿಯ ಇನ್ನೊಂದು ತುದಿ. ಒಳಗಿದ್ದವರು ಬಟನ್ ತಿರುಗಿಸಿದ್ದನ್ನು ಹೊರಗಿದ್ದವರು ಹಿಂದಕ್ಕೆ ತಿರುಗಿಸಿದರೆ ರೆಕ್ಕೆ ಮಡಚಿಕೊಂಡು ಅಡ್ಡಗಾಲು ತೆಗೆಯುತ್ತದೆ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಅಡ್ಡಗಾಲು ಇರುವುದು ಹೊರಗಿನ ನಾಬಿಗೆ ಮಾತ್ರ. ಈ ಜಾತಿಯ ಬಹುಪಾಲು ಲಾಕುಗಳಲ್ಲಿ ಒಳಗಿನ ನಾಬನ್ನು ಸುಮ್ಮನೆ ತಿರುಗಿಸಿದರೂ ಸಾಕು, ಲಾಕು ತಾನಾಗಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಒಳಗಿರುವ ಮಗು ನಾಲ್ಕೈದು ವರ್ಷದ್ದಾಗಿದ್ದರೆ, ಬಟನ್ನಿನ ಸುದ್ದಿಗೇ ಹೋಗದೆ, "ಗುಂಡನ್ನ ಎರಡೂ ಕೈಯಲ್ಲಿ ಹಿಡಿದು ತಿರುಗಿಸು ಪುಟ್ಟ" ಎಂದು ಸಮಾಧಾನದಿಂದ ಹೇಳಿ ನೋಡಬೇಕು. ಎರಡೂವರೆ ವರ್ಷದ ಅಂಗೈಗೆ ನುಣುಪಾದ ಸ್ಟೀಲ್ ಗುಂಡು ಸಿಗುವುದಿಲ್ಲ. ಕೈ ಒದ್ದೆಯಾಗಿದ್ದರಂತೂ ಜಾರುತ್ತಲೇ ಇರುತ್ತದೆ.

ಇಂಥ ಲಾಕು ಹೆಸರಾದದ್ದು ಅಮೆರಿಕದಲ್ಲಿ. ಜರ್ಮನಿಯಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ವಾಲ್ಟರ್ ಶ್ಲೇಗ್ 1920ರ ದಶಕದಲ್ಲಿ ಬಟನ್ ಒತ್ತಿ ಹಾಕುವ ಉರುಟು ಲಾಕನ್ನು ತಂದ. ಅದಕ್ಕೂ ಮುಂಚಿನ ಲಾಕುಗಳನ್ನು ಕೂರಿಸಲು ಬಡಗಿ ಉಳಿ ಹಿಡಿದು ಬಾಗಿಲಿನ ಅಂಚಿನಲ್ಲಿ ಆಳವಾದ ಗೂಡು ಕೊರೆಯಬೇಕಿತ್ತು. ಇದಕ್ಕೆ ಮುಖದಲ್ಲಿ ಒಂದು, ಅಂಚಿನಲ್ಲಿ ಒಂದು, ಹೀಗೆ ಎರಡು ಉರುಟು ತೂತು ಕೊರೆದರೆ ಮುಗಿಯಿತು. ನಮ್ಮ ಅಪಾರ್ಟ್‌ಮೆಂಟುಗಳ ಒಳಬಾಗಿಲುಗಳಿಗೂ ಅದು ಒಗ್ಗಿಬಂದದ್ದು ಈ ಸಲೀಸಿನಿಂದಲೇ. ಲಾಕಿನ ಡಬ್ಬಿಯಲ್ಲಿ ಕೆಲವೊಮ್ಮೆ ಚಪ್ಪಟೆ ತುದಿಯ ಒಂದು ಪುಟ್ಟ ಲೋಹದ ಕಡ್ಡಿಯೂ ಬರುತ್ತದೆ. ಅದೇ ಈ ಸೀಳಿನ ಕೀಲಿ. ಅಮೆರಿಕದ ಎಷ್ಟೋ ಮನೆಗಳಲ್ಲಿ ಅದನ್ನು ಬಾಗಿಲ ಚೌಕಟ್ಟಿನ ಮೇಲಂಚಿನಲ್ಲಿ ಇಟ್ಟಿರುತ್ತಾರೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಖಾಲಿ ಡಬ್ಬಿಯ ಜೊತೆ ಕಸಕ್ಕೆ ಹೋಗಿರುತ್ತದೆ.

ಸೀಳೋ, ತೂತೋ, ಕೀಲಿಕೈ ಕಂಡಿಯೋ

ಹೊರಗಿನ ನಾಬಿನ ಮುಖದಲ್ಲಿ ಏನಿದೆ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಮೊಬೈಲಿನ ಟಾರ್ಚನ್ನು ನೇರವಾಗಿ ಹಿಡಿದರೆ ಸ್ಟೀಲು ಹೊಳೆದು ಏನೂ ಕಾಣಿಸುವುದಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿದರೆ ಸೀಳಿಗೋ ತೂತಿಗೋ ನೆರಳು ಬಿದ್ದು ಸ್ಪಷ್ಟವಾಗಿ ಕಾಣುತ್ತದೆ.

ಸೀಳಿದ್ದರೆ ಅದು ತಿರುಗಿಸುವ ಜಾತಿ. ಅದಕ್ಕೆ ನಾಣ್ಯ ಸಾಕು ಎನ್ನುತ್ತಾರೆ. ಸೀಳು ಅಗಲವಾಗಿದ್ದರೆ ಹೌದು. ಆದರೆ ಗುಂಡು ನಾಬುಗಳಲ್ಲಿ ಸೀಳು ಹೆಚ್ಚಾಗಿ ಚಿಕ್ಕದು, ಸ್ವಲ್ಪ ಒಳಗೂ ಇರುತ್ತದೆ. ನಾಣ್ಯದ ಅಂಚು ದುಂಡಗಿರುವುದರಿಂದ ಅದು ಸೀಳಿನ ಬಾಯಲ್ಲೇ ನಿಂತು ಜಾರುತ್ತದೆ. ಹಳೆಯ ದಪ್ಪ ಐದು ರೂಪಾಯಿಯಂತೂ ಒಳಗೇ ಹೋಗುವುದಿಲ್ಲ. ಇದಕ್ಕೆ ಹೇಳಿ ಮಾಡಿಸಿದ ಸಾಧನ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಕರೆಂಟ್ ಇದೆಯೋ ಇಲ್ಲವೋ ನೋಡುವ ಟೆಸ್ಟರ್. ಅದರ ಚಪ್ಪಟೆ ತುದಿ, ಉದ್ದನೆಯ ಕುತ್ತಿಗೆ, ಕೈಗೆ ಸಿಗುವ ಹಿಡಿ ಮೂರೂ ಈ ಕೆಲಸಕ್ಕೆ ಸರಿಹೊಂದುತ್ತವೆ. ಅಡುಗೆಮನೆಯ ಚಾಕು ಬೇಡ. ಅದರ ತುದಿ ಮುರಿದು ಸೀಳಿನೊಳಗೇ ಉಳಿದರೆ ಆಮೇಲೆ ಯಾವುದೂ ಒಳಗೆ ಹೋಗುವುದಿಲ್ಲ.

ಸೀಳಿನ ಬದಲು ಉರುಟಾದ ಪುಟ್ಟ ತೂತು ಇದ್ದರೆ ಅದು ಒತ್ತುವ ಜಾತಿ. ಒಳಗಿನವರು ಬಟನ್ನನ್ನು ಒಳಕ್ಕೆ ಒತ್ತಿ ಲಾಕು ಹಾಕಿರುತ್ತಾರೆ. ಹೊರಗಿನಿಂದ ತೆಳುವಾದ ಗಟ್ಟಿ ಕಡ್ಡಿಯೊಂದನ್ನು ನೇರವಾಗಿ ತೂರಿಸಿ ಒತ್ತಿದರೆ, ಸ್ಪ್ರಿಂಗಿನ ಮೇಲೆ ಒತ್ತಿದ ಅನುಭವವಾಗಿ, ಆ ಕಡೆ ಬಟನ್ ಟಕ್ಕೆಂದು ಹೊರಕ್ಕೆ ಹಾರುತ್ತದೆ. ಸೈಕಲ್ ಚಕ್ರದ ಕಡ್ಡಿಯ ತುಂಡು, ಮುರಿದ ಛತ್ರಿಯ ಕಡ್ಡಿ, ಸ್ವೆಟರ್ ಹೆಣೆಯುವ ಸಣ್ಣ ಸೂಜಿ ಇವೆಲ್ಲ ಆಗುತ್ತವೆ. ಪೇಪರ್ ಕ್ಲಿಪ್ಪನ್ನು ನೇರ ಮಾಡಿ ತೂರಿಸಬಹುದು, ಆದರೆ ಬಿಗಿಯಾದ ಸ್ಪ್ರಿಂಗಿಗೆ ಅದು ಬಾಗುತ್ತದೆ. ಮೊಬೈಲಿನ ಸಿಮ್ ತೆಗೆಯುವ ಪಿನ್ನು ಗಿಡ್ಡ, ನಾಬಿನ ಆಳಕ್ಕೆ ಮುಟ್ಟುವುದಿಲ್ಲ. ಊದುಬತ್ತಿಯ ಕಡ್ಡಿ, ಹಲ್ಲುಕಡ್ಡಿಗಳನ್ನು ಮಾತ್ರ ಹತ್ತಿರ ತರಬೇಡಿ. ಒಳಗೆ ಮುರಿದರೆ ತೂತೇ ಮುಚ್ಚಿಹೋಗುತ್ತದೆ.

ಇದರಲ್ಲೂ ಒಂದು ಉಪಜಾತಿ ಇದೆ. ಎಷ್ಟು ಒತ್ತಿದರೂ ಏನೂ ಆಗದಿದ್ದರೆ ಟಾರ್ಚ್ ಬಿಟ್ಟು ತೂತಿನ ತಳ ನೋಡಬೇಕು. ಅಲ್ಲಿ ಇನ್ನೊಂದು ಚಿಕ್ಕ ಸೀಳಿದ್ದರೆ ಅದಕ್ಕೆ ಒತ್ತುವುದಲ್ಲ, ತಿರುಗಿಸುವುದು ಬೇಕು. ತೆಳುವಾದ ಸ್ಕ್ರೂಡ್ರೈವರನ್ನು ತಳದವರೆಗೆ ಇಳಿಸಿ, ತುದಿ ಸೀಳಿನಲ್ಲಿ ಕೂತದ್ದು ಕೈಗೆ ಗೊತ್ತಾದ ಮೇಲೆ ತಿರುಗಿಸಬೇಕು.

ಇನ್ನೂ ಒಂದು ತೂತು ದಾರಿ ತಪ್ಪಿಸುತ್ತದೆ. ಕೆಲವು ನಾಬುಗಳ ಕುತ್ತಿಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದು ರಿಪೇರಿಗಾಗಿ ನಾಬನ್ನೇ ಕಳಚಲು ಇಟ್ಟದ್ದು. ತುರ್ತು ತೂತು ಯಾವಾಗಲೂ ನಾಬಿನ ಮುಖದ ನಡುವೆ ಇರುತ್ತದೆ.

ಉದ್ದ ಹಿಡಿಕೆಯ ಬಾಗಿಲುಗಳಲ್ಲಿ ಹಿಡಿಕೆಯ ಕೆಳಗೆ ಪ್ರತ್ಯೇಕವಾದ ಬಿಲ್ಲೆಯೊಂದು ಇರುತ್ತದೆ. ಕೆಲವದರಲ್ಲಿ ಒಳಗೆ ಲಾಕು ಹಾಕಿದಾಗ ಕೆಂಪು, ತೆಗೆದಾಗ ಹಸಿರು ಕಾಣಿಸುತ್ತದೆ. ಅದರ ನಡುವಿನ ಸೀಳು ಅಗಲವಾಗಿರುವುದರಿಂದ ಅಲ್ಲಿ ನಾಣ್ಯ ಚೆನ್ನಾಗಿ ಕೆಲಸ ಮಾಡುತ್ತದೆ. ನಾಬಿನ ಮುಖದಲ್ಲಿ ಹಲ್ಲುಹಲ್ಲಾದ ಕೀಲಿಕೈ ಕಂಡಿ ಇದ್ದರೆ ಮಾತ್ರ ನಾಣ್ಯವೂ ಇಲ್ಲ, ಟೆಸ್ಟರೂ ಇಲ್ಲ. ಅದು ಮಲಗುವ ಕೋಣೆಗೆ ಹಾಕುವ ಲಾಕು. ಅದರ ಕೀಲಿಕೈಯೇ ಬೇಕು. ಅಂಥದ್ದು ಬಚ್ಚಲಿಗಿದ್ದರೆ ಕೀಲಿಕೈಯನ್ನು ಇವತ್ತೇ ಹುಡುಕಿ, ಬಚ್ಚಲ ಹೊರಗೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಮೊಳೆಗೆ ನೇತುಹಾಕುವುದು ಒಳ್ಳೆಯದು.

ಮೊದಲು ಬಿಡಿ, ಆಮೇಲೆ ತಿರುಗಿಸಿ

ಎದುರುಮನೆಗೆ ವಾಪಸ್ ಹೋಗೋಣ. ನಾನು ಟೆಸ್ಟರ್ ತರಲು ಓಡುವ ಮೊದಲು ಅಜ್ಜಿಗೆ ಎರಡು ಕೆಲಸ ಹೇಳಿದೆ. ಬಹಳ ಮನೆಗಳಂತೆ ಅಲ್ಲೂ ಗೀಸರಿನ ಸ್ವಿಚ್ಚು ಬಚ್ಚಲ ಹೊರಗೇ ಇತ್ತು. ಅದನ್ನು ಆರಿಸಿದರು. ಎರಡನೆಯದು, ಎಲ್ಲರೂ ಕೂಗುವುದನ್ನು ನಿಲ್ಲಿಸಿ ಅವರೊಬ್ಬರೇ ಮಗುವಿನ ಜೊತೆ ಮಾತಾಡುತ್ತಿರುವುದು. ಮಾತಾಡಿಸುವುದು ಬರೀ ಸಮಾಧಾನಕ್ಕಲ್ಲ. ಬಚ್ಚಲೊಳಗೆ ಅರ್ಧ ತುಂಬಿದ ಬಕೆಟ್ ಇತ್ತು. ಆ ವಯಸ್ಸಿನ ಮಗು ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ಸದ್ದೇ ಇಲ್ಲದೆ ಮುಳುಗಬಹುದು, ತಾನಾಗಿ ಎದ್ದು ಬರಲಾರದು. ಮಗುವಿನ ದನಿ ಕೇಳುತ್ತಿರುವವರೆಗೆ ನಮಗೆ ಸಮಯವಿದೆ. ದನಿ ನಿಂತು, ಕರೆದರೂ ಓಗೊಡದಿದ್ದರೆ ಸೀಳನ್ನು ಹುಡುಕುತ್ತ ಕೂರದೆ ಬಾಗಿಲು ಒಡೆಯಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಟೆಸ್ಟರಿನ ತುದಿಯಿಂದ ಸೀಳಿನ ಪೇಂಟನ್ನು ಎರಡೂ ಕೊನೆಯವರೆಗೆ ಕೆರೆದು ತೆಗೆದೆ. ಇದನ್ನು ಅವಸರದಲ್ಲಿ ಅರ್ಧ ಮಾಡಿದರೆ ತುದಿ ಮೇಲುಮೇಲೆ ಕೂತು ಜಾರುತ್ತದೆ. ಈ ಕಡ್ಡಿಗಳ ಲೋಹ ಹೆಚ್ಚಾಗಿ ಮೆದು. ಎರಡು ಸಲ ಜಾರಿದರೆ ಸೀಳಿನ ಅಂಚು ಸವೆದು ಬಾಯಿ ಅಗಲವಾಗುತ್ತದೆ, ಆಮೇಲೆ ಹಿಡಿತವೇ ಸಿಗುವುದಿಲ್ಲ. ಟೆಸ್ಟರನ್ನು ನಾಬಿಗೆ ನೇರವಾಗಿ ಹಿಡಿದು, ಅಂಗೈಯಿಂದ ಒತ್ತಿಕೊಂಡು ಬಲಕ್ಕೆ ತಿರುಗಿಸಿದೆ. ಅಲುಗಲಿಲ್ಲ. ಎಡಕ್ಕೂ ಅಲುಗಲಿಲ್ಲ.

ಆಗ ನನ್ನ ಕಣ್ಣು ಮಗುವಿನ ಅಪ್ಪನ ಕೈಯ ಮೇಲೆ ಬಿತ್ತು. ಆತ ಇನ್ನೂ ನಾಬನ್ನು ಬಲವಾಗಿ ತಿರುಚಿ ಹಿಡಿದೇ ಇದ್ದ. ಲಾಕು ಬಿಟ್ಟ ಕೂಡಲೇ ತೆರೆಯಬೇಕೆಂಬ ಆತುರ. ತೊಂದರೆ ಇದ್ದದ್ದು ಅಲ್ಲೇ. ನಾಬನ್ನು ತಿರುಚಿದಷ್ಟೂ ಒಳಗಿನ ರೆಕ್ಕೆ ತನ್ನ ಗಾಡಿಗೆ ಒತ್ತಿಕೊಂಡು ಬಿಗಿಯಾಗುತ್ತದೆ. ಬಿಗಿಯಾದ ರೆಕ್ಕೆ ಮಡಚಿಕೊಳ್ಳುವುದಿಲ್ಲ, ಮಡಚಿಕೊಳ್ಳದಿದ್ದರೆ ಕಡ್ಡಿ ತಿರುಗುವುದಿಲ್ಲ. "ಒಂದು ನಿಮಿಷ ನಾಬ್ ಬಿಟ್ಟುಬಿಡಿ. ನೀನೂ ಬಾಗಿಲು ನೂಕ್ಬೇಡಮ್ಮ" ಎಂದೆ. ಇಬ್ಬರೂ ಕೈ ತೆಗೆದರು. ಈಗ ಟೆಸ್ಟರನ್ನು ಬಲಕ್ಕೆ ಮೆಲ್ಲಗೆ ತಿರುಗಿಸಿದೆ, ಗೋಡೆಗೆ ತಾಗಿದಂತೆ ನಿಂತಿತು. ಎಡಕ್ಕೆ ತಿರುಗಿಸಿದೆ. ಗಡಿಯಾರದ ಹನ್ನೆರಡರಿಂದ ಒಂಬತ್ತಕ್ಕೆ ಹೋಗುವಷ್ಟು, ಅಂದರೆ ಕಾಲು ಸುತ್ತು, ಸಲೀಸಾಗಿ ತಿರುಗಿ ಟಕ್ಕೆಂದಿತು.

ಯಾವ ಕಡೆಗೆ ತಿರುಗಿಸಬೇಕು ಎಂಬುದಕ್ಕೆ ಎಲ್ಲ ಬಾಗಿಲಿಗೂ ಒಪ್ಪುವ ನಿಯಮವಿಲ್ಲ. ಎರಡೂ ಕಡೆ ಮೆಲ್ಲಗೆ ನೋಡಬೇಕು. ಬೇಕಾದದ್ದು ಕಾಲು ಸುತ್ತು ಮಾತ್ರ. ಅದಕ್ಕಿಂತ ಮುಂದೆ ಹೋಗಬೇಕು ಅನ್ನಿಸಿದರೆ ಇಲ್ಲವೇ ಬಲ ಹಾಕಬೇಕು ಅನ್ನಿಸಿದರೆ ಏನೋ ಬೇರೆಯಾಗಿದೆ ಎಂದರ್ಥ. ಲಾಕು ಬಿಟ್ಟಿತೋ ಇಲ್ಲವೋ ತಿಳಿಯಲು ಟೆಸ್ಟರ್ ಹಾಗೇ ಹಿಡಿದುಕೊಂಡು ಇನ್ನೊಂದು ಕೈಯಿಂದ ನಾಬ್ ತಿರುಗಿಸಿ ನೋಡಬೇಕು. ಮೊದಲು ಕಲ್ಲಿನಂತೆ ನಿಂತಿದ್ದ ನಾಬ್ ಈಗ ಹಗುರವಾಗಿ ತಿರುಗುತ್ತದೆ.

ನಾಬ್ ತಿರುಗಿತು. ಆದರೆ ಬಾಗಿಲನ್ನು ಒಮ್ಮೆಲೇ ನೂಕಲಿಲ್ಲ. ನಮ್ಮ ಬಚ್ಚಲ ಬಾಗಿಲುಗಳು ಸಾಮಾನ್ಯವಾಗಿ ಒಳಕ್ಕೆ ತೆರೆದುಕೊಳ್ಳುತ್ತವೆ, ಮಗು ಬಾಗಿಲಿಗೆ ಒರಗಿಯೇ ನಿಂತಿರಬಹುದು. ಬೆರಳಷ್ಟು ಸರಿಸಿ ಅಜ್ಜಿ ಇಣುಕಿದರು. ಪಾಪು ಒಣನೆಲದ ಮೂಲೆಯಲ್ಲಿ ಕೂತು ಅಳುವನ್ನೂ ಮರೆತು, ಮಗ್ಗಿನಿಂದ ಅಜ್ಜನ ಚಪ್ಪಲಿಗೆ ನೀರು ಹೊಯ್ಯುತ್ತಿದ್ದ. ಸೆಕ್ಯುರಿಟಿಯವರು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಸೀಳು ಕೈಕೊಡುವಲ್ಲಿ

ಎಲ್ಲ ಬಾಗಿಲೂ ಹೀಗೆ ತೆರೆದುಕೊಳ್ಳುತ್ತದೆ ಎಂದು ಹೇಳಲಾರೆ. ಎಲ್ಲಿ ಆಗುವುದಿಲ್ಲ ಎಂಬುದನ್ನು ಕೈಯಿಂದ ಮುಟ್ಟಿಯೇ ತಿಳಿಯಬಹುದು.

ನಾಬ್ ಪೂರ್ತಿ ತಿರುಗುತ್ತದೆ, ಬಾಗಿಲು ಮಾತ್ರ ಬರುವುದಿಲ್ಲ ಅನ್ನಿ. ಆಗ ಬಾಗಿಲಿನ ನಡುವೆ, ಮೇಲೆ, ಕೆಳಗೆ ಬೇರೆಬೇರೆಯಾಗಿ ಒತ್ತಿ ನೋಡಬೇಕು. ನಡುವೆ ಒತ್ತಿದಾಗ ಸ್ವಲ್ಪ ಬಿಟ್ಟುಕೊಟ್ಟು, ಮೇಲಿನ ಮೂಲೆಯಲ್ಲಿ ಒಂದಿಷ್ಟೂ ಅಲುಗದಿದ್ದರೆ ಅಲ್ಲಿ ಒಳಗಿನಿಂದ ಚಿಲಕ ಬಿದ್ದಿದೆ. ನಮ್ಮ ಮನೆಗಳ ದೊಡ್ಡ ತೊಡಕು ಇದೇ. ಬಿಲ್ಡರ್ ಕೊಟ್ಟ ಲಾಕಿನ ಮೇಲೆ ನಂಬಿಕೆಯಿಲ್ಲದೆ ನಾವು ಮೇಲೊಂದು ಚಿಲಕ ಹೊಡೆಸುತ್ತೇವೆ. ಹೊರಗಿನವರಿಗೆ ಬಿಟ್ಟ ದಾರಿಯನ್ನು ಆ ಒಂದು ಚಿಲಕ ಮುಚ್ಚಿಬಿಡುತ್ತದೆ. ಸೀಳಿಗೂ ಚಿಲಕಕ್ಕೂ ಯಾವ ಸಂಬಂಧವೂ ಇಲ್ಲ.

ಮಳೆಗಾಲದಲ್ಲಿ ಇದೇ ಲಕ್ಷಣ ಇನ್ನೊಂದು ಕಾರಣಕ್ಕೂ ಬರುತ್ತದೆ. ನೀರು ಕುಡಿದ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ. ಆಗ ಉದ್ದಕ್ಕೂ ಬಿಗಿ ಇರುತ್ತದೆ, ಒಂದೇ ಬಿಂದುವಿನಲ್ಲಿ ಅಲ್ಲ. ನಾಬನ್ನು ತಿರುಗಿಸಿ ಹಿಡಿದುಕೊಂಡೇ ಅದರ ಪಕ್ಕಕ್ಕೆ ಭುಜ ಕೊಟ್ಟು ಒಂದೇ ಸಮನೆ ಒತ್ತಿದರೆ ಅದು ಬಿಡುತ್ತದೆ.

ಸೀಳು ಯಾವ ತಡೆಯೂ ಇಲ್ಲದೆ ಸುತ್ತುತ್ತಲೇ ಇದ್ದರೆ ಒಳಗಿನ ಕಡ್ಡಿ ಮುರಿದಿದೆ. ನಾಬ್ ಸಡಿಲವಾಗಿ ಗಿರಗಿರ ತಿರುಗಿ ನಾಲಿಗೆ ಮಾತ್ರ ಹಿಂದಕ್ಕೆ ಬರದಿದ್ದರೆ ಅದು ಸವೆದಿದೆ. ಈ ಎರಡೂ ಕೆಲಸ ಕಾರ್ಪೆಂಟರಿನದು. ಕೀಲು ಬಿಚ್ಚಿ ಬಾಗಿಲು ತೆಗೆಯೋಣ ಎಂದು ಕೆಲವರು ಹೊರಡುತ್ತಾರೆ. ಒಳಕ್ಕೆ ತೆರೆಯುವ ಬಾಗಿಲಿನ ಕೀಲುಗಳೂ ಒಳಗೇ ಇರುತ್ತವೆ, ಹೊರಗಿನವರ ಕೈಗೆ ಸಿಗುವುದಿಲ್ಲ.

ಕೆಲವು ಸಲ ಒಳಗೆ ಯಾರೂ ಇಲ್ಲದೆಯೇ ಬಾಗಿಲು ಲಾಕಾಗಿರುತ್ತದೆ. ಒರೆಸುವಾಗ ಬಟ್ಟೆ ತಾಗಿ ಬಟನ್ ಒತ್ತಿಹೋಗಿರುತ್ತದೆ, ಹೊರಗೆ ಬಂದವರು ಬಾಗಿಲು ಎಳೆದುಕೊಂಡಿರುತ್ತಾರೆ. ಮನೆಯವರನ್ನೆಲ್ಲ ಒಮ್ಮೆ ಎಣಿಸಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದರೆ, ಸೀಳಿನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಒಳಗೆ ದೊಡ್ಡವರಿದ್ದು, ಕೂಗಿದರೆ ಉತ್ತರವಿಲ್ಲ ಎಂದಾಗ ಮಾತು ಬೇರೆ. ಬಚ್ಚಲೊಳಗೇ ಗ್ಯಾಸ್ ಗೀಸರ್ ಇದ್ದರಂತೂ ವಿಷಗಾಳಿಯ ಅನುಮಾನ ಮೊದಲು ಬರಬೇಕು. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರಿಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಸಿಲಿಂಡರ್ ಹೊರಗಿದ್ದರೆ ಗ್ಯಾಸ್ ಮುಚ್ಚಿ. ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡುತ್ತಿರಲಿ, ಇನ್ನೊಬ್ಬರು ಸೀಳಿಗೆ ಕೈ ಹಾಕಲಿ. ಒಂದೆರಡು ಯತ್ನಕ್ಕೆ ಬರದಿದ್ದರೆ ಒಡೆಯಲೇಬೇಕು. ತೆರೆದ ಮೇಲೆ ಅಲ್ಲೇ ನಿಂತು ಉಪಚಾರ ಮಾಡದೆ ಅವರನ್ನು ಗಾಳಿಯಿರುವ ಕಡೆಗೆ ಎಳೆದು ತರಬೇಕು. ಇಲ್ಲದಿದ್ದರೆ ಬಿಡಿಸಲು ಹೋದವರೂ ಅಲ್ಲೇ ಕುಸಿಯುತ್ತಾರೆ. ಬಿದ್ದವರು ಬಾಗಿಲಿಗೆ ಅಡ್ಡವಾಗಿದ್ದರೆ ಬಾಗಿಲನ್ನು ಗುದ್ದದೆ, ಒಂದೇ ಸಮನೆ ಮೆಲ್ಲಗೆ ಒತ್ತುತ್ತ, ಒಬ್ಬರು ತೂರಿ ಹೋಗುವಷ್ಟು ಜಾಗ ಮಾಡಿಕೊಳ್ಳಬೇಕು.

ನಮ್ಮ ಮನೆಯ ಚಿಲಕ

ಅವತ್ತು ಮಧ್ಯಾಹ್ನ ನಮ್ಮ ಮನೆಯ ಬಚ್ಚಲುಗಳನ್ನು ನೋಡಿದೆ. ಇರುವುದು ಎರಡು. ಒಂದರಲ್ಲಿ ಸೀಳು, ಇನ್ನೊಂದರಲ್ಲಿ ಉರುಟು ತೂತು. ಒಂದೇ ಮನೆ, ಒಂದೇ ಬಿಲ್ಡರ್, ಆದರೂ ಎರಡು ಜಾತಿ. ಮಗಳನ್ನು ಒಳಗೆ ನಿಲ್ಲಿಸಿ ಲಾಕು ಹಾಕಿಸಿ ಎರಡನ್ನೂ ಹೊರಗಿನಿಂದ ತೆಗೆದೆ. ಸೀಳಿಗೆ ಟೆಸ್ಟರ್, ತೂತಿಗೆ ಸೈಕಲ್ ಕಡ್ಡಿ. ಒಂದೊಂದನ್ನೂ ಆಯಾ ಬಾಗಿಲ ಚೌಕಟ್ಟಿನ ಮೇಲಂಚಿನಲ್ಲಿ ಇಟ್ಟೆ. ಎರಡಕ್ಕೂ ಸೇರಿ ಹತ್ತು ನಿಮಿಷ ಹಿಡಿಯಿತು.

ತೊಡಕಾದದ್ದು ಅಮ್ಮ ಬಳಸುವ ಬಚ್ಚಲಿನಲ್ಲಿ. ಅಲ್ಲಿ ಮೇಲೊಂದು ಚಿಲಕವಿತ್ತು, ಹಾಕಿಸಿದ್ದು ನಾನೇ. ಎಪ್ಪತ್ತೆಂಟರ ಅಮ್ಮ ಅದನ್ನು ಬಿಚ್ಚಲು ಬಿಡಲಿಲ್ಲ. "ಎಂಟಾಣೆಗೆ ತೆಗೆಯೋ ಬಾಗಿಲಿಗೆ ಬೀಗ ಅಂತಾರೇನೋ?" ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ವಾದ ಮಾಡದೆ ಊರಿನ ಮನೆಯ ಬಚ್ಚಲನ್ನು ನೆನಪಿಸಿದೆ. ಹಂಡೆಯೊಲೆಯ ಆ ಕತ್ತಲೆ ಬಚ್ಚಲಿಗೆ ಬೀಗವೇ ಇರಲಿಲ್ಲ. ಬಾಗಿಲ ಮೇಲೆ ಟವೆಲ್ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ, ಮನೆತುಂಬ ಜನರಿದ್ದರೂ ಅಷ್ಟೇ ಸಾಕಾಗುತ್ತಿತ್ತು. "ಆ ಟವೆಲ್ ಕೆಲಸಾನೇ ಕಣಮ್ಮ ಈ ಲಾಕೂ ಮಾಡೋದು" ಎಂದೆ. ಅಮ್ಮ ಸ್ವಲ್ಪ ಹೊತ್ತು ನಾಬನ್ನೇ ನೋಡಿದಳು. "ಹಾಗಾದ್ರೆ ತೆಗೆಯೋದು ಹೇಗೆ ಅಂತ ನಂಗೂ ತೋರಿಸು" ಎಂದು ಟೆಸ್ಟರಿಗೆ ಕೈ ಚಾಚಿದಳು. ಚಿಲಕದ ನಾಲ್ಕು ಸ್ಕ್ರೂಗಳನ್ನು ಅವಳ ಎದುರೇ ಬಿಚ್ಚಿದೆ.

ಮೂರು ದಿನ ಕಳೆದ ಮೇಲೆ ನಾನು ಸ್ನಾನ ಮಾಡುತ್ತಿದ್ದೆ. ಮುಖಕ್ಕೆಲ್ಲ ಸೋಪು. ಬಾಗಿಲ ಕಡೆಯಿಂದ ಟಕ್ಕೆಂದು ಸದ್ದಾಯಿತು. ಕಣ್ಣು ಬಿಡಲಾಗದೆ "ಯಾರದು?" ಎಂದು ಕೂಗಿದೆ.

"ನಾನು ಕಣೋ, ಒಳಗೆ ಬರಲ್ಲ" ಎಂದಿತು ಅಮ್ಮನ ದನಿ. "ಕೈಗೆ ಬರುತ್ತಾ ಅಂತ ನೋಡ್ದೆ, ಅಷ್ಟೆ. ಎಡಗಡೆಗೆ ತಿರುಗಿಸ್ಬೇಕು, ಅಲ್ವಾ?"